ಸಮನಾಗಿ ಹಂಚಿದರೂ ಒಂದೇ ಸರ್ವರ್ ಏಕೆ ಸುಸ್ತಾಗುತ್ತದೆ?

ಲೋಡ್ ಬ್ಯಾಲೆನ್ಸರ್ ಬಗ್ಗೆ ಬರೆಯಿರಿ ಎಂದು ಕೇಳುವ ಓದುಗರಲ್ಲಿ ಎರಡು ಬಗೆ. ಮೊದಲನೆಯವರು ಇಂಟರ್‌ವ್ಯೂಗೆ ತಯಾರಾಗುತ್ತಿರುವವರು. ಲೇಯರ್ 4 ಎಂದರೇನು, ಲೇಯರ್ 7 ಎಂದರೇನು, ಚುಟುಕಾಗಿ ಹೇಳಿ ಎನ್ನುತ್ತಾರೆ. ಎರಡನೆಯವರು ಈಗಾಗಲೇ ಬ್ಯಾಲೆನ್ಸರ್ ಹಾಕಿಕೊಂಡು ಪಾಡು ಪಡುತ್ತಿರುವವರು. ಅವರ ಪ್ರಶ್ನೆಯಲ್ಲಿ ಹೆಚ್ಚು ಸ್ವಾರಸ್ಯವಿದೆ: “ರೌಂಡ್ ರಾಬಿನ್ ಸರಿಹೋಗಲಿಲ್ಲ ಅಂತ ಲೀಸ್ಟ್ ಕನೆಕ್ಷನ್ಸ್ ಹಾಕಿದೆವು ಸಾರ್. ಕನೆಕ್ಷನ್‌ಗಳು ಎಲ್ಲ ಸರ್ವರ್‌ಗೂ ಸಮವಾಗಿಯೇ ಇವೆ. ಆದರೂ ಒಂದರ ಸಿಪಿಯು ನೂರು ಮುಟ್ಟುತ್ತದೆ, ಪಕ್ಕದ್ದು ಸುಮ್ಮನೆ ಕೂತಿರುತ್ತದೆ. ಯಾಕೆ?”

ಪಾಠದ ಪುಸ್ತಕಗಳಲ್ಲಿ ಲೇಯರ್‌ಗಳದ್ದು ಒಂದು ಅಧ್ಯಾಯ, ಹಂಚುವ ವಿಧಾನಗಳದ್ದು ಇನ್ನೊಂದು. ಹಾಗೆ ಬೇರೆಬೇರೆಯಾಗಿ ಓದಿಕೊಂಡದ್ದರಿಂದಲೇ ಈ ಪ್ರಶ್ನೆ ಹುಟ್ಟುತ್ತದೆ ಎಂಬುದು ನನ್ನ ಗುಮಾನಿ. ಬ್ಯಾಲೆನ್ಸರ್ ತನಗೆ ಕಾಣುವುದನ್ನು ಮಾತ್ರ ಎಣಿಸಬಲ್ಲದು, ಎಣಿಸಿದ್ದನ್ನು ಮಾತ್ರ ಹಂಚಬಲ್ಲದು. ಏನು ಕಾಣುತ್ತದೆ ಎಂಬುದನ್ನು ಲೇಯರ್ ತೀರ್ಮಾನಿಸಿಬಿಟ್ಟಿರುತ್ತದೆ. ರೌಂಡ್ ರಾಬಿನ್ನೋ ಲೀಸ್ಟ್ ಕನೆಕ್ಷನ್ಸೋ ಎಂಬ ಪ್ರಶ್ನೆ ಬರುವುದು ಅದಾದ ಮೇಲೆ.

ಲೇಯರ್ 4 ಬ್ಯಾಲೆನ್ಸರ್‌ಗೆ ಕಾಣುವುದು ಟಿಸಿಪಿ ಕನೆಕ್ಷನ್. ಯಾವ ಐಪಿ ವಿಳಾಸದ ಯಾವ ಪೋರ್ಟ್‌ನಿಂದ ಬಂತು, ಯಾವ ವಿಳಾಸದ ಯಾವ ಪೋರ್ಟ್‌ಗೆ ಹೊರಟಿದೆ, ಇಷ್ಟು ಗೊತ್ತಾದರೆ ಅದಕ್ಕೆ ಸಾಕು. ಕನೆಕ್ಷನ್ ಶುರುವಾಗುವ ಹೊತ್ತಿನಲ್ಲಿ ಒಂದೇ ಒಂದು ಸಲ ತೀರ್ಮಾನ ಮಾಡುತ್ತದೆ: ಇದು ಬಿ ಸರ್ವರ್‌ಗೆ. ಆಮೇಲೆ ಆ ಕನೆಕ್ಷನ್ ಮುಚ್ಚುವವರೆಗೆ ಅದರಲ್ಲಿ ಬರುವ ಪ್ರತಿಯೊಂದು ಬೈಟೂ ಬಿಗೇ ಹೋಗಬೇಕು. ಹತ್ತು ರಿಕ್ವೆಸ್ಟ್ ಬರಲಿ, ಹತ್ತು ಲಕ್ಷ ಬರಲಿ, ತೀರ್ಮಾನ ಬದಲಾಗುವುದಿಲ್ಲ. ಒಳಗಿನದು ಟಿಎಲ್‌ಎಸ್‌ನಿಂದ ಗೂಢಲಿಪಿಯಾಗಿದ್ದರೆ ಓದಲು ಬರುವುದೂ ಇಲ್ಲ, ಓದುವ ಅಗತ್ಯವೂ ಇಲ್ಲ. ಕೆಲಸ ಇಷ್ಟೇ ಆದ್ದರಿಂದ ವೇಗ ಹೆಚ್ಚು. ಲಿನಕ್ಸ್‌ನಲ್ಲಿ 1998ರಲ್ಲಿ ಆರಂಭವಾದ ಎಲ್‌ವಿಎಸ್ ಈ ಕೆಲಸವನ್ನು ಕರ್ನೆಲ್‌ನ ಒಳಗೇ ಮುಗಿಸುತ್ತದೆ. ಎಚ್‌ಎಪ್ರಾಕ್ಸಿಯ ಟಿಸಿಪಿ ಮೋಡ್ ಸ್ವಲ್ಪ ಬೇರೆ. ಅದು ಕನೆಕ್ಷನ್ನನ್ನು ತಾನೇ ಸ್ವೀಕರಿಸಿ, ಸರ್ವರ್ ಕಡೆಗೆ ಇನ್ನೊಂದನ್ನು ತೆರೆಯುತ್ತದೆ. ಆದರೂ ನಡುವೆ ಹಾದುಹೋಗುವ ಬೈಟ್‌ಗಳ ಅರ್ಥಕ್ಕೆ ತಲೆಹಾಕುವುದಿಲ್ಲ.

ಲೇಯರ್ 7 ಬ್ಯಾಲೆನ್ಸರ್ ಟಿಎಲ್‌ಎಸ್ಸನ್ನು ತನ್ನಲ್ಲೇ ಬಿಚ್ಚಿ, ಎಚ್‌ಟಿಟಿಪಿಯನ್ನು ಓದಿ, ಒಂದೊಂದು ರಿಕ್ವೆಸ್ಟಿಗೂ ಪ್ರತ್ಯೇಕ ತೀರ್ಮಾನ ಮಾಡುತ್ತದೆ. ಒಬ್ಬನೇ ಬಳಕೆದಾರನ ಒಂದೇ ಕನೆಕ್ಷನ್‌ನಲ್ಲಿ ಬಂದ ಮೂರು ರಿಕ್ವೆಸ್ಟ್‌ಗಳು ಮೂರು ಸರ್ವರ್‌ಗೆ ಹೋಗಬಹುದು. ಸರ್ವರ್ ಕೊಟ್ಟ ಉತ್ತರ 200ಓ 500ಓ ಎಂಬುದೂ ಅದಕ್ಕೆ ಕಾಣುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಇದೆ. ಸರ್ಟಿಫಿಕೇಟ್ ಮತ್ತು ಅದರ ಖಾಸಗಿ ಕೀ ಬ್ಯಾಲೆನ್ಸರ್‌ನಲ್ಲಿ ಇರಬೇಕು, ಸಿಪಿಯು ಹೆಚ್ಚು ಬೇಕು, ಬಳಕೆದಾರನ ನಿಜವಾದ ಐಪಿ ಬೇಕೆಂದರೆ ಸರ್ವರ್ `X-Forwarded-For` ಹೆಡರನ್ನು ನೋಡಬೇಕು. ಟೈಮ್‌ಔಟ್‌ಗಳೂ ಎರಡು ಕಡೆ ಆಗುತ್ತವೆ. ರಾತ್ರಿ ಎರಡು ಗಂಟೆಗೆ 504 ಬಂದಾಗ ಯಾವ ಕಡೆಯ ಟೈಮ್‌ಔಟ್ ಎಂದು ಹುಡುಕುವ ಸುಖ ಅನುಭವಿಸಿದವರಿಗೇ ಗೊತ್ತು.

ಈಗ ಹಂಚುವ ವಿಧಾನಕ್ಕೆ ಬರೋಣ. ರೌಂಡ್ ರಾಬಿನ್ ಸರದಿ ಲೆಕ್ಕ: ಎ, ಬಿ, ಸಿ, ಮತ್ತೆ ಎ. ಸರ್ವರ್ ಯಾವ ಸ್ಥಿತಿಯಲ್ಲಿದೆ ಎಂದು ವಿಚಾರಿಸುವುದಿಲ್ಲ. ಲೀಸ್ಟ್ ಕನೆಕ್ಷನ್ಸ್ ಈ ಕ್ಷಣದಲ್ಲಿ ಯಾರ ಕೈಯಲ್ಲಿ ಕಡಿಮೆ ಕೆಲಸ ಬಾಕಿ ಇದೆ ಎಂದು ನೋಡಿ ಅವರಿಗೆ ಕೊಡುತ್ತದೆ. ಎರಡನೆಯದು ಬುದ್ಧಿವಂತ, ಮೊದಲನೆಯದು ದಡ್ಡ ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ಅದು ಎಲ್ಲಿಯವರೆಗೆ ನಿಜ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಮೂರು ಸರ್ವರ್, ಸೆಕೆಂಡಿಗೆ 90 ರಿಕ್ವೆಸ್ಟ್ ಎಂದಿಟ್ಟುಕೊಳ್ಳಿ. ಎ ಮತ್ತು ಬಿ ಒಂದು ರಿಕ್ವೆಸ್ಟಿಗೆ 100 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತವೆ. ಸಿಯ ಡಿಸ್ಕ್ ಸೊರಗಿದೆ, ಅದಕ್ಕೆ 400 ಬೇಕು. ಒಂದೊಂದು ಸರ್ವರ್‌ನಲ್ಲೂ ಏಕಕಾಲಕ್ಕೆ ಎಂಟು ರಿಕ್ವೆಸ್ಟ್ ನಿಭಾಯಿಸುವಷ್ಟು ವರ್ಕರ್‌ಗಳಿವೆ. ರೌಂಡ್ ರಾಬಿನ್ ಮೂರಕ್ಕೂ ಮೂವತ್ತು ಮೂವತ್ತು ಕೊಡುತ್ತದೆ. ಎ ಮತ್ತು ಬಿಯಲ್ಲಿ ಯಾವ ಕ್ಷಣ ನೋಡಿದರೂ ಸರಾಸರಿ ಮೂರು ರಿಕ್ವೆಸ್ಟ್ ನಡೆಯುತ್ತಿರುತ್ತವೆ, ಅಂದರೆ ಆರಾಮ. ಸಿಯಲ್ಲಿ ಹನ್ನೆರಡು ನಡೆಯಬೇಕಿತ್ತು, ಆದರೆ ಇರುವುದು ಎಂಟೇ ವರ್ಕರ್. ಎಂಟು ವರ್ಕರ್ 400 ಮಿಲಿಸೆಕೆಂಡ್‌ನಂತೆ ಸೆಕೆಂಡಿಗೆ ಇಪ್ಪತ್ತನ್ನು ಮಾತ್ರ ಮುಗಿಸಬಲ್ಲವು. ಬರುತ್ತಿರುವುದು ಮೂವತ್ತು. ಸೆಕೆಂಡಿಗೆ ಹತ್ತರಂತೆ ಬಾಕಿ ಬೆಳೆಯುತ್ತದೆ. ಒಂದು ನಿಮಿಷಕ್ಕೆ ಆರುನೂರು ಜನ ಸಾಲಿನಲ್ಲಿ ನಿಂತಿರುತ್ತಾರೆ. ಪಕ್ಕದಲ್ಲಿ ಎರಡು ಸರ್ವರ್‌ಗಳು ಅರ್ಧಕ್ಕಿಂತ ಹೆಚ್ಚು ಖಾಲಿ.

ಅದೇ ಪರಿಸ್ಥಿತಿಯಲ್ಲಿ, ರಿಕ್ವೆಸ್ಟ್‌ಗಳನ್ನೇ ಎಣಿಸಬಲ್ಲ ಬ್ಯಾಲೆನ್ಸರ್‌ನಲ್ಲಿ, ಲೀಸ್ಟ್ ಕನೆಕ್ಷನ್ಸ್ ಹಾಕಿ. ಅದು ಮೂರೂ ಸರ್ವರ್‌ಗಳ ಕೈಯಲ್ಲಿರುವ ಕೆಲಸ ಸಮನಾಗುವಂತೆ ಹಂಚುತ್ತ ಹೋಗುತ್ತದೆ. ಲೆಕ್ಕ ನಾಲ್ಕಕ್ಕೆ ಬಂದು ನಿಲ್ಲುತ್ತದೆ: ಎಯಲ್ಲಿ ನಾಲ್ಕು, ಬಿಯಲ್ಲಿ ನಾಲ್ಕು, ಸಿಯಲ್ಲೂ ನಾಲ್ಕು. ನಾಲ್ಕು ಇಟ್ಟುಕೊಂಡು ಎ ಮತ್ತು ಬಿ ಸೆಕೆಂಡಿಗೆ ನಲವತ್ತು ನಲವತ್ತು ಮುಗಿಸುತ್ತವೆ, ಸಿ ಹತ್ತನ್ನು ಮುಗಿಸುತ್ತದೆ. ಒಟ್ಟು ತೊಂಬತ್ತು, ಎಲ್ಲೂ ಸಾಲಿಲ್ಲ. ಸಿ ನಿಧಾನ ಎಂದು ಬ್ಯಾಲೆನ್ಸರ್‌ಗೆ ಯಾರೂ ಹೇಳಿಲ್ಲ. ಮುಗಿಯದ ಕೆಲಸದ ಎಣಿಕೆಯೇ ಅದನ್ನು ಹೇಳಿಕೊಟ್ಟಿತು. ಈ ವಿಧಾನದ ನಿಜವಾದ ಸೊಗಸು ಇರುವುದು ಇಲ್ಲಿ. ಎಲ್ಲ ಸರ್ವರ್‌ಗಳೂ ಒಂದೇ ಥರ, ಎಲ್ಲ ರಿಕ್ವೆಸ್ಟ್‌ಗಳೂ ಒಂದೇ ಅಳತೆ ಎಂದಾದರೆ ರೌಂಡ್ ರಾಬಿನ್‌ಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣುವುದಿಲ್ಲ.

ಹಾಗಾದರೆ ಆ ಓದುಗರ ಸರ್ವರ್‌ಗೇನಾಗಿದೆ? ಅವರ ಬ್ಯಾಲೆನ್ಸರ್ ಇರುವುದು ಲೇಯರ್ 4ರಲ್ಲಿ. ಅವರ ಸಂರಚನೆ ಹೆಚ್ಚುಕಡಿಮೆ ಹೀಗಿರುತ್ತದೆ:

```
backend app
    mode tcp
    balance leastconn
    server a 10.0.0.11:8443 check
    server b 10.0.0.12:8443 check
    server c 10.0.0.13:8443 check
```

ಇಲ್ಲಿ `leastconn` ಎಣಿಸುವುದು ತೆರೆದಿರುವ ಟಿಸಿಪಿ ಕನೆಕ್ಷನ್‌ಗಳನ್ನು. ಬ್ರೌಸರ್‌ನಿಂದ ಸಾವಿರಾರು ಜನ ಬಂದು ಹೋಗುವ ಕಡೆ ಇದು ಅಷ್ಟಾಗಿ ಕಾಡುವುದಿಲ್ಲ, ಏಕೆಂದರೆ ಕನೆಕ್ಷನ್‌ಗಳು ತುಂಬ, ಆಯಸ್ಸು ಕಡಿಮೆ. ಕಾಡುವುದು ಕಂಪನಿಯ ಒಳಗೆ ಒಂದು ಸರ್ವಿಸ್ ಇನ್ನೊಂದನ್ನು ಕರೆಯುವ ಕಡೆ, ಅದರಲ್ಲೂ ಜಿಆರ್‌ಪಿಸಿ ಬಳಸುವಲ್ಲಿ. ಜಿಆರ್‌ಪಿಸಿ ಓಡುವುದು ಎಚ್‌ಟಿಟಿಪಿ 2ರ ಮೇಲೆ. ಎಚ್‌ಟಿಟಿಪಿ 2 ಒಂದು ಕನೆಕ್ಷನ್ ತೆರೆದರೆ ನೂರಾರು ರಿಕ್ವೆಸ್ಟ್‌ಗಳನ್ನು ಅದರಲ್ಲೇ ಒಟ್ಟೊಟ್ಟಿಗೆ ಕಳಿಸುತ್ತದೆ, ಮತ್ತು ಆ ಕನೆಕ್ಷನ್ನನ್ನು ದಿನಗಟ್ಟಲೆ ಮುಚ್ಚದೆ ಇಟ್ಟುಕೊಳ್ಳುತ್ತದೆ.

ನಮ್ಮ ತಂಡದಲ್ಲಿ ಕಂಡ ಇಂಥದೇ ಒಂದು ಪ್ರಕರಣವನ್ನು ಅಂಕಿಗಳನ್ನು ಸರಳಗೊಳಿಸಿ ಹೇಳುತ್ತೇನೆ. ಮೂರು ಸರ್ವರ್‌ಗಳ ಮುಂದೆ ಲೇಯರ್ 4 ಬ್ಯಾಲೆನ್ಸರ್. ಆಚೆ ಆರು ಕ್ಲೈಂಟ್ ಸರ್ವಿಸ್‌ಗಳು, ಒಂದೊಂದರದ್ದೂ ಒಂದೊಂದು ಕನೆಕ್ಷನ್. ಲೀಸ್ಟ್ ಕನೆಕ್ಷನ್ಸ್ ಅವನ್ನು ಎರಡೆರಡರಂತೆ ಚೊಕ್ಕವಾಗಿ ಹಂಚಿತ್ತು. ಆದರೆ ಆರರಲ್ಲಿ ಐದು ಕ್ಲೈಂಟ್‌ಗಳು ಸೆಕೆಂಡಿಗೆ ಇಪ್ಪತ್ತು ರಿಕ್ವೆಸ್ಟ್ ಕಳಿಸುವ ಸಾಧುಗಳು. ಆರನೆಯದು ವರದಿ ತಯಾರಿಸುವ ಸರ್ವಿಸ್; ಅದರದು ಐನೂರು. ಅದರ ಕನೆಕ್ಷನ್ ಬಿದ್ದ ಸರ್ವರ್‌ಗೆ 520, ಉಳಿದೆರಡಕ್ಕೆ 40 ಮತ್ತು 40. ಬ್ಯಾಲೆನ್ಸರ್‌ನ ಪ್ರಕಾರ ಎಲ್ಲವೂ ಸಮ. ಬಸ್ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮಿಗೆ ಎರಡೆರಡು ಬಸ್ ನಿಲ್ಲಿಸಿ, ಬಸ್ಸಿನೊಳಗೆ ಎಷ್ಟು ಜನ ಎಂದು ನೋಡದಿದ್ದ ಹಾಗೆ.

ಹೊರೆ ಹೆಚ್ಚಾಯಿತೆಂದು ನಾಲ್ಕನೇ ಸರ್ವರ್ ಸೇರಿಸಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಅದರ ಕನೆಕ್ಷನ್ ಸಂಖ್ಯೆ ಸೊನ್ನೆ, ಮುಂದಿನ ಕನೆಕ್ಷನ್ ಅದಕ್ಕೇ ಸಲ್ಲಬೇಕು, ನಿಜ. ಆದರೆ ಹೊಸ ಕನೆಕ್ಷನ್ ಯಾರೂ ತೆರೆಯುತ್ತಿಲ್ಲ. ಹಳೆಯವು ಹಳೆಯ ಜಾಗದಲ್ಲೇ ನೆಲೆಯೂರಿವೆ. ಆಟೋಸ್ಕೇಲಿಂಗ್ ಮಾಡಿ ಬಾಡಿಗೆ ಹೆಚ್ಚಿಸಿಕೊಂಡದ್ದಷ್ಟೇ ಲಾಭ.

ಇದಕ್ಕಿಂತ ವಿಚಿತ್ರವಾದದ್ದು ಹೊಸ ಆವೃತ್ತಿ ಹಾಕಿದ ದಿನ ಕಾಣುತ್ತದೆ. ಸರ್ವರ್‌ಗಳನ್ನು ಒಂದಾದ ಮೇಲೊಂದರಂತೆ ರೀಸ್ಟಾರ್ಟ್ ಮಾಡುತ್ತೇವಲ್ಲ, ಆಗ ಎಣಿಕೆ ಹೇಗೆ ಚಲಿಸುತ್ತದೆ ನೋಡಿ. ಶುರುವಿಗೆ ಎ, ಬಿ, ಸಿ ಮೂರರಲ್ಲೂ ಎರಡೆರಡು. ಎ ಕೆಳಗಿಳಿದಾಗ ಅದರ ಎರಡು ಕನೆಕ್ಷನ್‌ಗಳು ಬಿಗೊಂದು ಸಿಗೊಂದು ಹೋಗುತ್ತವೆ. ಬಿಯಲ್ಲಿ ಮೂರು, ಸಿಯಲ್ಲಿ ಮೂರು. ಎ ಖಾಲಿ ಕೈಯಲ್ಲಿ ಮರಳಿ ಬರುತ್ತದೆ. ಈಗ ಬಿಯ ಸರದಿ. ಅದರ ಮೂರೂ ಕನೆಕ್ಷನ್‌ಗಳು ಹೊಸ ಜಾಗ ಹುಡುಕುವಾಗ ಎ ಖಾಲಿಯಿರುವುದರಿಂದ ಮೂರೂ ಎಗೇ ಹೋಗುತ್ತವೆ. ಬಿ ಖಾಲಿಯಾಗಿ ಎದ್ದು ಬರುತ್ತದೆ. ಕೊನೆಗೆ ಸಿ ಕೆಳಗಿಳಿಯುತ್ತದೆ, ಅದರ ಮೂರೂ ಬಿಗೆ ಹೋಗುತ್ತವೆ. ಸಿ ಎದ್ದು ಬಂದಾಗ ಎಯಲ್ಲಿ ಮೂರು, ಬಿಯಲ್ಲಿ ಮೂರು, ಸಿಯಲ್ಲಿ ಸೊನ್ನೆ. ಕನೆಕ್ಷನ್‌ಗಳು ಮುರಿಯುವವರೆಗೆ ಅದು ಹಾಗೇ ಇರುತ್ತದೆ. ರೌಂಡ್ ರಾಬಿನ್ ಹಾಕಿದ್ದರೂ ಎ ಮತ್ತು ಬಿಯ ಪಾಲು ಬದಲಾಗುತ್ತಿತ್ತೇ ಹೊರತು ಕೊನೆಗೆ ಎದ್ದ ಸಿ ಖಾಲಿಯಾಗಿಯೇ ಇರುತ್ತಿತ್ತು. ಕೊನೆಯ ಸರ್ವರ್‌ನಲ್ಲಿ ಹೊಸ ಆವೃತ್ತಿ ಸರಿಯಾಗಿ ಇನ್‌ಸ್ಟಾಲ್ ಆಗಿಲ್ಲವೇನೋ ಎಂದು ಲಾಗ್ ಕೆದಕುತ್ತ ಕೂತವರನ್ನು ನಾನು ಕಂಡಿದ್ದೇನೆ. ಅಲ್ಲಿ ತಪ್ಪೇ ಇರುವುದಿಲ್ಲ.

ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಪ್ರತಿ ಸರ್ವರ್‌ನಲ್ಲೂ ಈ ಒಂದು ಸಾಲು ಓಡಿಸಿ:

```
ss -Htn state established '( sport = :8443 )' | wc -l
```

ಇದು ಆ ಪೋರ್ಟ್‌ನಲ್ಲಿ ತೆರೆದಿರುವ ಕನೆಕ್ಷನ್‌ಗಳ ಸಂಖ್ಯೆ. ಅದರ ಪಕ್ಕದಲ್ಲಿ ಅದೇ ಸರ್ವರ್ ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ಪಡೆಯುತ್ತಿದೆ ಎಂಬುದನ್ನು ನಿಮ್ಮ ಆ್ಯಪ್‌ನ ಮೆಟ್ರಿಕ್ಸ್‌ನಿಂದ ತೆಗೆದು ಬರೆದುಕೊಳ್ಳಿ. ಕನೆಕ್ಷನ್ ಸಮ, ರಿಕ್ವೆಸ್ಟ್ ಅಸಮ ಎಂದಾದರೆ ಅಲ್ಗಾರಿದಮ್ ಬದಲಿಸಿ ಪ್ರಯೋಜನವಿಲ್ಲ. ಕುಬರ್ನೆಟಿಸ್ ಬಳಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿನ ಸಾಮಾನ್ಯ ಸರ್ವಿಸ್ ಕೂಡ ಕನೆಕ್ಷನ್ ಮಟ್ಟದಲ್ಲೇ ಹಂಚುತ್ತದೆ. ಐಪಿಟೇಬಲ್ಸ್ ಬಳಸುವ ಕಡೆ ಸರದಿಯೂ ಇಲ್ಲ, ಕನೆಕ್ಷನ್ ತೆರೆದಾಗ ಕಣ್ಣುಮುಚ್ಚಿ ಒಂದು ಪಾಡನ್ನು ಆರಿಸಿಬಿಡುತ್ತದೆ.

ಪರಿಹಾರ ಮೂರು ಥರದ್ದು. ಮೊದಲನೆಯದು ಅಗ್ಗದ್ದು: ಸರ್ವರ್ ಕಡೆ ಕನೆಕ್ಷನ್ನಿನ ಆಯಸ್ಸಿಗೆ ಮಿತಿ ಹಾಕುವುದು. ಜಿಆರ್‌ಪಿಸಿಯ ಗೋ ಲೈಬ್ರರಿಯಲ್ಲಿ ಇದಕ್ಕೆ `MaxConnectionAge` ಇದೆ. ಐದು ನಿಮಿಷ ಎಂದು ಕೊಟ್ಟರೆ ಸರ್ವರ್ ಅಷ್ಟು ಹೊತ್ತಿಗೆ, ಎಲ್ಲ ಕನೆಕ್ಷನ್‌ಗಳೂ ಒಂದೇ ಕ್ಷಣದಲ್ಲಿ ಮುರಿಯದಂತೆ ಶೇ 10ರಷ್ಟು ಆಚೀಚೆ ಮಾಡಿ, ಕ್ಲೈಂಟಿಗೆ ಸೌಮ್ಯವಾಗಿ ‘ಹೊರಡು’ ಎನ್ನುತ್ತದೆ. ಕ್ಲೈಂಟ್ ಹೊಸ ಕನೆಕ್ಷನ್ ತೆರೆಯುತ್ತದೆ, ಖಾಲಿ ಇದ್ದ ಸಿಗೂ ಪಾಲು ಸಿಗುತ್ತದೆ. ಇದರಿಂದ ರೀಸ್ಟಾರ್ಟ್ ನಂತರದ ತೊಂದರೆ ಹೋಗುತ್ತದೆ. ಆದರೆ ಐನೂರರ ಕ್ಲೈಂಟ್ ಹೋಗುವುದಿಲ್ಲ; ಅದರ ಭಾರ ಐದೈದು ನಿಮಿಷಕ್ಕೆ ಬೇರೆ ಸರ್ವರ್‌ನ ತಲೆಗೆ ಬರುತ್ತದೆ, ಅಷ್ಟೇ. ಎರಡನೆಯದು, ಕ್ಲೈಂಟೇ ಎಲ್ಲ ಸರ್ವರ್‌ಗೂ ಒಂದೊಂದು ಕನೆಕ್ಷನ್ ಇಟ್ಟುಕೊಂಡು ತಾನೇ ಹಂಚುವುದು. ಜಿಆರ್‌ಪಿಸಿಯಲ್ಲಿ ಇದಕ್ಕೆ ವ್ಯವಸ್ಥೆಯಿದೆ, ಆದರೆ ಪ್ರತಿ ಕ್ಲೈಂಟಿನಲ್ಲೂ ಮಾಡಬೇಕು, ಮತ್ತು ಎಲ್ಲ ತಂಡಗಳೂ ನಿಮ್ಮ ಮಾತು ಕೇಳಬೇಕು. ಮೂರನೆಯದು ಬ್ಯಾಲೆನ್ಸರನ್ನೇ ಲೇಯರ್ 7ಕ್ಕೆ ಏರಿಸುವುದು. ಆಗ 600 ರಿಕ್ವೆಸ್ಟ್‌ಗಳೂ ಒಂದೊಂದಾಗಿ ಕಾಣುತ್ತವೆ, ಮೂರು ಸರ್ವರ್‌ಗೆ ಹೆಚ್ಚುಕಡಿಮೆ 200ರಂತೆ ಹೋಗುತ್ತವೆ. ಅದೇ `leastconn` ಎಂಬ ಸಾಲು, ಆದರೆ `mode http`ನಲ್ಲಿ ಅದು ಎಣಿಸುವುದು ಈಗ ನಡೆಯುತ್ತಿರುವ ರಿಕ್ವೆಸ್ಟ್‌ಗಳನ್ನು. ಅಮೆಜಾನ್‌ನವರು ತಮ್ಮ ಲೇಯರ್ 7 ಬ್ಯಾಲೆನ್ಸರ್‌ನಲ್ಲಿ ಇದನ್ನು ‘ಲೀಸ್ಟ್ ಔಟ್‌ಸ್ಟ್ಯಾಂಡಿಂಗ್ ರಿಕ್ವೆಸ್ಟ್ಸ್’ ಎಂದೇ ಕರೆದಿದ್ದಾರೆ. ಅವರ ಲೇಯರ್ 4 ಬ್ಯಾಲೆನ್ಸರ್‌ನಲ್ಲಿ ಆ ಆಯ್ಕೆಯೇ ಇಲ್ಲ.

ಲೇಯರ್ 7ಕ್ಕೆ ಏರಿ ಲೀಸ್ಟ್ ಕನೆಕ್ಷನ್ಸ್ ಹಾಕಿದವರು ನಿಶ್ಚಿಂತೆಯಿಂದ ಮಲಗಬಹುದೇ? ಈ ವಿಧಾನದ್ದೇ ಒಂದು ಕೆಟ್ಟ ಗುಣವಿದೆ, ಅದನ್ನು ಹೇಳದೆ ಬಿಡುವುದು ಸರಿಯಲ್ಲ. ಮೇಲಿನ ಉದಾಹರಣೆಯಲ್ಲಿ ಸಿ ನಿಧಾನವಾಗುವ ಬದಲು ಕೆಟ್ಟುಹೋಯಿತು ಎನ್ನಿ. ಡೇಟಾಬೇಸ್ ಪಾಸ್‌ವರ್ಡ್ ತಪ್ಪಿದೆ, ಬಂದ ರಿಕ್ವೆಸ್ಟಿಗೆಲ್ಲ 5 ಮಿಲಿಸೆಕೆಂಡಿನಲ್ಲಿ 500 ಎಂಬ ಉತ್ತರ ಎಸೆಯುತ್ತಿದೆ. ಕೆಲಸ ಮಾಡದವರ ಕೈ ಯಾವಾಗಲೂ ಖಾಲಿ. ಬ್ಯಾಲೆನ್ಸರ್ ನೋಡುತ್ತದೆ: ಸಿಯಲ್ಲಿ ಬಾಕಿ ಇಲ್ಲ, ಕೊಡು. ಮರುಕ್ಷಣ ಮತ್ತೆ ಖಾಲಿ, ಮತ್ತೆ ಕೊಡು. ಒಳ್ಳೆಯ ಸರ್ವರ್ ಒಂದು ರಿಕ್ವೆಸ್ಟ್ ಮುಗಿಸುವ 100 ಮಿಲಿಸೆಕೆಂಡಿನಲ್ಲಿ ಕೆಟ್ಟದ್ದು ಇಪ್ಪತ್ತನ್ನು ಹಾಳುಮಾಡಬಲ್ಲದು. ಹೊರೆ ಹೆಚ್ಚಿದ್ದಷ್ಟೂ ಪರಿಸ್ಥಿತಿ ಆ ಅನುಪಾತದ ಹತ್ತಿರಕ್ಕೆ ಹೋಗುತ್ತದೆ. ರೌಂಡ್ ರಾಬಿನ್‌ನಲ್ಲಾದರೆ ಮೂರರಲ್ಲಿ ಒಂದು ರಿಕ್ವೆಸ್ಟ್ ಮಾತ್ರ ಹಾಳಾಗುತ್ತಿತ್ತು. ದಡ್ಡ ಎನಿಸಿಕೊಂಡದ್ದೇ ಇಲ್ಲಿ ಹಾನಿಗೆ ಮಿತಿ ಹಾಕುತ್ತದೆ.

ಎಷ್ಟೋ ಕಡೆ ಹೆಲ್ತ್ ಚೆಕ್ ಎಂದರೆ ಪೋರ್ಟ್ ತೆರೆಯುತ್ತದೆಯೇ ಎಂಬ ಪರೀಕ್ಷೆಯಷ್ಟೇ. ಸಿಯ ಪೋರ್ಟ್ ಚೆನ್ನಾಗಿಯೇ ತೆರೆಯುತ್ತದೆ. ಲೇಯರ್ 4 ಬ್ಯಾಲೆನ್ಸರ್‌ಗೂ ಒಂದು ಎಚ್‌ಟಿಟಿಪಿ ಪುಟ ಕೇಳಿ ನೋಡುವಂತೆ ಹೇಳಬಹುದು, ಹೇಳಲೇಬೇಕು. ಆದರೆ ನಿಜವಾದ ಬಳಕೆದಾರರಿಗೆ ಹೋಗುತ್ತಿರುವ 500ಗಳನ್ನು ಎಣಿಸಿ ಸರ್ವರನ್ನು ಸಾಲಿನಿಂದ ಹೊರಗಿಡುವ ಸಾಮರ್ಥ್ಯ ಲೇಯರ್ 7ಕ್ಕೆ ಮಾತ್ರ ಇದೆ. ಎಚ್‌ಎಪ್ರಾಕ್ಸಿಯಲ್ಲಿ ಅದಕ್ಕೆ `observe layer7` ಎಂದು ಬರೆಯುತ್ತಾರೆ. ಹೊಸದಾಗಿ ಸೇರಿದ ಸರ್ವರ್‌ಗೂ ಇದೇ ಬಗೆಯ ಅಪಾಯವಿದೆ. ಅದರ ಎಣಿಕೆ ಸೊನ್ನೆಯಾದ್ದರಿಂದ ಕ್ಯಾಶ್ ಬಿಸಿಯಾಗುವ ಮುಂಚೆಯೇ ಎಲ್ಲವೂ ಅದರ ಮೇಲೆ ಮುಗಿಬೀಳುತ್ತವೆ. `slowstart 60s` ಎಂದು ಕೊಟ್ಟರೆ ಒಂದು ನಿಮಿಷದಲ್ಲಿ ಹಂತಹಂತವಾಗಿ ಹೊರೆ ಏರಿಸುತ್ತದೆ.

ಎಂಜಿನ್‌ಎಕ್ಸ್ ಬಳಸುವವರಿಗೆ ಒಂದು ಮಾತು. ಅದರಲ್ಲಿ ಹಲವು ವರ್ಕರ್ ಪ್ರಕ್ರಿಯೆಗಳು ಓಡುತ್ತವೆ. `upstream` ಒಳಗೆ `zone` ಎಂಬ ಸಾಲು ಹಾಕದಿದ್ದರೆ ಪ್ರತಿಯೊಂದು ವರ್ಕರೂ ತನ್ನ ಪಾಲಿನ ಎಣಿಕೆಯನ್ನು ಮಾತ್ರ ನೋಡಿ `least_conn` ಲೆಕ್ಕ ಹಾಕುತ್ತದೆ. ಬ್ಯಾಲೆನ್ಸರ್‌ಗಳೇ ಹತ್ತಾರು ಇದ್ದರೂ ಇದೇ ಕಥೆ: ಎಲ್ಲವೂ ಒಂದೇ ಸರ್ವರ್ ಖಾಲಿ ಎಂದು ಭಾವಿಸಿ ಒಟ್ಟಿಗೆ ಅಲ್ಲಿಗೆ ನುಗ್ಗುತ್ತವೆ. ಅಂಥಲ್ಲಿ ಎರಡು ಸರ್ವರ್‌ಗಳನ್ನು ಚೀಟಿ ಎತ್ತಿದಂತೆ ಆರಿಸಿ, ಅವೆರಡರಲ್ಲಿ ಹಗುರಾಗಿರುವುದಕ್ಕೆ ಕೊಡುವ ವಿಧಾನ ಮೇಲು. ಮೈಕೆಲ್ ಮಿಟ್ಜೆನ್‌ಮಾಕರ್ 1996ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದರ ಗಣಿತವನ್ನು ಬಿಡಿಸಿದ್ದಾರೆ. ಎಂಜಿನ್‌ಎಕ್ಸ್‌ನಲ್ಲಿ `random two least_conn` ಎಂದು ಬರೆದರೆ ಅದೇ ವಿಧಾನ.

ಇಷ್ಟಾದ ಮೇಲೆ ನನ್ನ ಆಯ್ಕೆ ಕೇಳುವವರಿಗೆ: ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್‌ಗಳ ಓದುವ ಪ್ರತಿಗಳ ಮುಂದೆ ಲೇಯರ್ 4 ಮತ್ತು ಲೀಸ್ಟ್ ಕನೆಕ್ಷನ್ಸ್. ಎಚ್‌ಎಪ್ರಾಕ್ಸಿಯ ಕೈಪಿಡಿಯೂ ದೀರ್ಘಕಾಲದ ಸೆಷನ್‌ಗಳಿಗೆ ಅದನ್ನೇ ಸೂಚಿಸುತ್ತದೆ. ಒಂದೇ ಅಳತೆಯ ಚಿಕ್ಕಚಿಕ್ಕ ರಿಕ್ವೆಸ್ಟ್‌ಗಳು, ಒಂದೇ ಥರದ ಸರ್ವರ್‌ಗಳು ಎಂದಾದರೆ ರೌಂಡ್ ರಾಬಿನ್ ಸಾಕು. ಏನಾಗುತ್ತಿದೆ ಎಂದು ಊಹಿಸುವುದಾದರೂ ಸುಲಭ. ಒಂದು ರಿಕ್ವೆಸ್ಟ್ ಹತ್ತು ಮಿಲಿಸೆಕೆಂಡ್, ಇನ್ನೊಂದು ಮೂರು ಸೆಕೆಂಡ್ ಎನ್ನುವಂಥ ಎಪಿಐಗಳಿಗೆ ಲೇಯರ್ 7 ಮತ್ತು ಲೀಸ್ಟ್ ಕನೆಕ್ಷನ್ಸ್, ಜೊತೆಗೆ 500ಗಳನ್ನು ಗಮನಿಸುವ ಹೆಲ್ತ್ ಚೆಕ್. ಜಿಆರ್‌ಪಿಸಿ ಇದ್ದರೆ ಲೇಯರ್ 4 ಒಂದನ್ನೇ ನಂಬಿ ಕೂರಬೇಡಿ. ಪ್ರಶ್ನೆ ಕಳಿಸಿದ ಓದುಗರು ಮೊದಲು ಆ `ss` ಸಾಲನ್ನು ಮೂರೂ ಸರ್ವರ್‌ಗಳಲ್ಲಿ ಓಡಿಸಿ, ರಿಕ್ವೆಸ್ಟ್ ಎಣಿಕೆಯ ಪಕ್ಕದಲ್ಲಿಟ್ಟು ನೋಡಲಿ. `balance` ಸಾಲಿಗೆ ಕೈಹಾಕುವುದು ಅದರ ನಂತರ.